ಹಿರಿಯ ದಂಪತಿಗಳ ಶೃಂಗೇರಿ–ಹೊರನಾಡು ಟೂರಿಗೆ ಮ್ಯಾಟರ್ ಬರೆದಿದ್ದೇನೆ, ಫೋನ್ ಬರುತ್ತದೆ, ಬುಕಿಂಗ್ ಆಗುವುದಿಲ್ಲ. ಸ್ವಲ್ಪ ನೋಡಿ ಹೇಳಿ

ಟಿಟಿ ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನನ್ನದೊಂದು ಸಣ್ಣ ಟ್ರಾವೆಲ್ಸ್ ಉಂಟು. ಸ್ವಂತ ಟೆಂಪೋ ಟ್ರಾವೆಲರ್ ಒಂದು, 12 ಸೀಟಿನ ಟಿಟಿ. ಮದುವೆ ದಿಬ್ಬಣ, ಏರ್‌ಪೋರ್ಟ್ ಡ್ರಾಪ್ ಎಲ್ಲ ಮಾಡಿಕೊಂಡಿದ್ದೆ. ಈಗ ರಿಟೈರ್ ಆದ ದಂಪತಿಗಳಿಗೆ ಅಂತಲೇ ತೀರ್ಥಯಾತ್ರೆ ಮತ್ತು ವೀಕೆಂಡ್ ಟ್ರಿಪ್ ಶುರು ಮಾಡಿದ್ದೇನೆ. ಮೊದಲನೆಯದಕ್ಕೆ ನಾನೇ ಮ್ಯಾಟರ್ ಬರೆದು, ಪೋಸ್ಟರ್ ಮಾಡಿಸಿ, ವಾಟ್ಸಾಪ್ ಗ್ರೂಪುಗಳಿಗೆ ಹಾಕಿದೆ. ಹೀಗಿದೆ ನೋಡಿ:

> ದಿವ್ಯ ಮಲೆನಾಡು ಪಂಚಕ್ಷೇತ್ರ ದರ್ಶನ!! 2 ಹಗಲು, 1 ರಾತ್ರಿ. ಶೃಂಗೇರಿ – ಹೊರನಾಡು – ಕಳಸ – ಧರ್ಮಸ್ಥಳ – ಕುಕ್ಕೆ. ಲಕ್ಸುರಿ ವಾಹನ, ಶುದ್ಧ ಸಸ್ಯಾಹಾರ, ವಿಶೇಷ ದರ್ಶನ ವ್ಯವಸ್ಥೆ. ಹಿರಿಯ ನಾಗರಿಕರಿಗೆ ಅತ್ಯುತ್ತಮ. ಒಬ್ಬರಿಗೆ ಕೇವಲ ₹3,499ರಿಂದ. ಷರತ್ತು ಅನ್ವಯ.

ಫೋನ್ ತುಂಬಾ ಬಂತು. ಮಾತಾಡುತ್ತಾರೆ, "ಮಕ್ಕಳ ಹತ್ತಿರ ಕೇಳಿ ಹೇಳ್ತೇವೆ" ಅಂತ ಇಡುತ್ತಾರೆ, ಆಮೇಲೆ ಸುದ್ದಿ ಇಲ್ಲ. ರೇಟು ಜಾಸ್ತಿ ಆಯ್ತಾ? ಮ್ಯಾಟರ್ ಸರಿ ಇಲ್ವಾ?

ಸುರತ್ಕಲ್ ಸುಧಿ

ರೇಟು ಸರಿ ಉಂಟು ಅಣ್ಣ. ಕ್ಷೇತ್ರ ಕಮ್ಮಿ ಆಯ್ತು. ನಮ್ಮ ಕಡೆ ಒಬ್ಬರು ಇದೇ ರೇಟಿಗೆ ಏಳು ದೇವಸ್ಥಾನ ತೋರಿಸುತ್ತಾರೆ. ವಯಸ್ಸಾದವರು ಲೆಕ್ಕ ಹಾಕುವುದೇ ಅದನ್ನು, ಎಷ್ಟು ದೇವಸ್ಥಾನ ಆಯ್ತು ಅಂತ. ಕಟೀಲು, ಪೊಳಲಿ ಸೇರಿಸಿ ಸಪ್ತಕ್ಷೇತ್ರ ಮಾಡಿ.

ಪಣಂಬೂರು ಪ್ರಶಾಂತ

ಕಾಶಿ ಟೂರ್ ಉಂಟಾ ನಿಮ್ಮಲ್ಲಿ? ಅಪ್ಪ ಅಮ್ಮನನ್ನು ಕಳಿಸಬೇಕಿತ್ತು. ಸರ್ಕಾರದ ಸಹಾಯಧನ ನೀವೇ ಮಾಡಿಸಿ ಕೊಡ್ತೀರಾ?

ಟಿಟಿ ಉಡುಪಿ

ಪ್ರಶಾಂತ್, ಇದು ಜಾಹೀರಾತು ಅಲ್ಲ, ಜಾಹೀರಾತು ಹೇಗೆ ಬರೆಯುವುದು ಅಂತ ಕೇಳಿದ್ದು. ಕಾಶಿ ನನ್ನ ಟಿಟಿಯಲ್ಲಿ ಆಗುವುದಿಲ್ಲ ಮಾರಾಯ್ರೆ.

ಕದ್ರಿ ಶಾಂತಕ್ಕ

ನಾನು ಜಾಹೀರಾತಿನ ಮ್ಯಾಟರ್ ಬರೆಯುವ ಕೆಲಸದಲ್ಲೇ ಇದ್ದವಳು. ರೇಟಿನ ವಿಷಯ ಆಮೇಲೆ ನೋಡೋಣ. ಮೊದಲು ಒಂದು ಹೇಳಿ ತಮ್ಮಾ, ಫೋನ್ ಮಾಡಿದವರು ಏನು ಕೇಳಿದರು? ನೆನಪಿದ್ದಷ್ಟು, ಅವರದೇ ಮಾತಿನಲ್ಲಿ ಬರೆಯಿರಿ.

ಟಿಟಿ ಉಡುಪಿ

ಅಕ್ಕ, ಹೆಚ್ಚು ಕಮ್ಮಿ ಎಲ್ಲರೂ ಒಂದೇ ಥರ ಕೇಳಿದ್ದು.

"ಮೆಟ್ಟಿಲು ಜಾಸ್ತಿ ಉಂಟಾ? ನನ್ನ ಹೆಂಡತಿಗೆ ಮೊಣಕಾಲು ನೋವು."
"ರೂಮಿನಲ್ಲಿ ಕುಳಿತುಕೊಳ್ಳುವ ಟಾಯ್ಲೆಟ್ ಉಂಟಲ್ಲ?"
"ಗಾಡಿ ದೇವಸ್ಥಾನದ ಹತ್ತಿರ ಹೋಗ್ತದಾ, ನಡೀಬೇಕಾ?"
"ಘಾಟಿಯಲ್ಲಿ ವಾಂತಿ ಬರ್ತದೆ, ಮುಂದಿನ ಸೀಟು ಸಿಗಬಹುದಾ?"
"ಊಟ ಎಷ್ಟು ಗಂಟೆಗೆ? ಶುಗರ್ ಮಾತ್ರೆ ಉಂಟು."

ಆಮೇಲೆ ಒಬ್ಬರು ಅಜ್ಜ "ವಿಶೇಷ ದರ್ಶನ ಅಂದರೆ ಎಂತ, ಗರ್ಭಗುಡಿ ಒಳಗೆ ಬಿಡ್ತಾರಾ" ಅಂತ ಕೇಳಿದರು. ನನಗೆ ಏನು ಹೇಳುವುದು ಗೊತ್ತಾಗಲಿಲ್ಲ.

ಕದ್ರಿ ಶಾಂತಕ್ಕ

ನಿಮ್ಮ ಮ್ಯಾಟರ್ ಇದೇ. ಪೋಸ್ಟರಿನಲ್ಲಿ ಇದ್ದ ಒಂದು ಮಾತಿಗೂ ಅವರು ಕೇಳಿದ ಪ್ರಶ್ನೆಗೂ ಸಂಬಂಧವೇ ಇಲ್ಲ ನೋಡಿ. "ದಿವ್ಯ" ಅಂತ ನೀವು ಹೇಳಬೇಕಾಗಿಲ್ಲ, ಶೃಂಗೇರಿ ಅಂದರೆ ಸಾಕು, ಉಡುಪಿಯವರಿಗೆ ಶಾರದಾಂಬೆಯನ್ನು ನೀವು ಪರಿಚಯ ಮಾಡಿಸಬೇಕಾ? ಕ್ಷೇತ್ರದ ಮಹಿಮೆ ಅವರಿಗೆ ನಿಮಗಿಂತ ಜಾಸ್ತಿ ಗೊತ್ತು. ಗೊತ್ತಿಲ್ಲದ್ದು ಮೆಟ್ಟಿಲು, ಟಾಯ್ಲೆಟ್, ಊಟದ ಹೊತ್ತು. ಅದು ಪೋಸ್ಟರಿನಲ್ಲಿ ಇಲ್ಲ, ಹಾಗಾಗಿ ಫೋನ್ ಮಾಡುತ್ತಾರೆ. ಫೋನಿನಲ್ಲಿ ನೀವು "ಎಂತ ತೊಂದರೆ ಇಲ್ಲ, ಆರಾಮ" ಅಂದಿರಬೇಕು. ಅದನ್ನು ಕೇಳಿ ಅವರಿಗೆ ಇನ್ನೂ ಅನುಮಾನ ಬಂದಿರುತ್ತದೆ.

ಇನ್ನೊಂದು ವಿಷಯ ಉಂಟು. ಇದನ್ನು ಓದುವವರು ಎರಡು ಜನ. ಒಬ್ಬರು ಪ್ರಯಾಣ ಮಾಡುವ ತಂದೆ ತಾಯಿ. ಇನ್ನೊಬ್ಬರು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಕುಳಿತು ದುಡ್ಡು ಕಳಿಸುವ ಮಗ ಅಥವಾ ಮಗಳು. "ಮಕ್ಕಳ ಹತ್ತಿರ ಕೇಳಿ ಹೇಳ್ತೇವೆ" ಅಂದದ್ದು ನೆವ ಅಲ್ಲ, ನಿಜವಾಗಿ ಕೇಳುತ್ತಾರೆ. ಆಗ ಆ ಮಗನಿಗೆ ಹೋಗುವುದು ನಿಮ್ಮ ಪೋಸ್ಟರ್ ಮಾತ್ರ. ಅದರಲ್ಲಿ ಅವನಿಗೆ ಬೇಕಾದ್ದು ಏನೂ ಇಲ್ಲ.

ದೋಹಾ ಮಗ

ಅಕ್ಕ ಹೇಳಿದ್ದು ನೂರಕ್ಕೆ ನೂರು. ನಾನೇ ಆ ಮಗ. ಅಮ್ಮ ಒಂದು ಪೋಸ್ಟರ್ ಕಳಿಸಿದ್ದರು (ಇವರದ್ದಲ್ಲ, ಬೇರೆಯವರದ್ದು). ನಾನು ಹುಡುಕಿದ್ದು ಜೊತೆಯಲ್ಲಿ ಯಾರು ಇರುತ್ತಾರೆ, ಅಪ್ಪನಿಗೆ ರಾತ್ರಿ ಏನಾದರೂ ಆದರೆ ಯಾರು ಫೋನ್ ಎತ್ತುತ್ತಾರೆ, ಯಾವ ಲಾಡ್ಜು ಅಂತ. "ಉತ್ತಮ ವಸತಿ" ಅಂತ ಇತ್ತು. ಹೆಸರು ಇಲ್ಲ. ಬೇಡ ಅಂದೆ. ಅಮ್ಮ ಒಂದು ವಾರ ಮಾತು ಬಿಟ್ಟರು.

ಘಾಟಿ ಡ್ರೈವರ್

ಮೊದಲು ರೂಟು ನೋಡಿ ಮಾರಾಯ್ರೆ, ಮ್ಯಾಟರ್ ಆಮೇಲೆ. ಉಡುಪಿಯಿಂದ ಆಗುಂಬೆ ಹತ್ತಿ ಶೃಂಗೇರಿ. ಅದು 14 ಹೇರ್‌ಪಿನ್. ಅಲ್ಲಿಂದ ಹೊರನಾಡು, ಅದೂ ಗುಡ್ಡದ ರಸ್ತೆಯೇ. ಮಾರನೇ ದಿನ ಕಳಸ ಮುಗಿಸಿ ಕೊಟ್ಟಿಗೆಹಾರಕ್ಕೆ ಬಂದು ಚಾರ್ಮಾಡಿ ಇಳಿದು ಧರ್ಮಸ್ಥಳ. ಮತ್ತೆ ಕುಕ್ಕೆ ಐವತ್ತು ಕಿಲೋಮೀಟರಿಗೆ ಜಾಸ್ತಿ. ಅಲ್ಲಿಂದ ಉಡುಪಿಗೆ ವಾಪಸ್ಸು, ಮನೆ ಮುಟ್ಟುವಾಗ ನಡುರಾತ್ರಿ. ಎರಡು ದೊಡ್ಡ ಘಾಟಿ, ಐದು ದೇವಸ್ಥಾನ, ಎಪ್ಪತ್ತು ವರ್ಷದವರು. ಗಾಡಿ ಓಡಿಸುವವನಿಗೇ ಆಗುವುದಿಲ್ಲ.

ಮಧ್ಯಾಹ್ನ ಹೆಚ್ಚಿನ ದೇವಸ್ಥಾನ ಬಾಗಿಲು ಹಾಕುತ್ತಾರೆ. ಒಂದು ಕಡೆ ಅರ್ಧ ಗಂಟೆ ತಡ ಆದರೆ ಮುಂದಿನ ಕಡೆ ಬಾಗಿಲು ಹಾಕಿ ಆಗಿರುತ್ತದೆ. ಮತ್ತೆ ಮೂರೂವರೆ ನಾಲ್ಕರವರೆಗೆ ಅಂಗಳದಲ್ಲಿ ಕೂರಬೇಕು. ಐದು ಕ್ಷೇತ್ರ ಕಾಗದದಲ್ಲಿ ಮಾತ್ರ ಆಗುತ್ತದೆ.

ಸುರತ್ಕಲ್ ಸುಧಿ

ಆಗುಂಬೆ ಯಾಕೆ ಹೋಗುವುದು? ಕಾರ್ಕಳ, ಬಜಗೋಳಿ, ಮಾಳ ಮೇಲೆ ಎಸ್.ಕೆ. ಬಾರ್ಡರ್ ಹತ್ತಿ ಕೆರೆಕಟ್ಟೆ ಮೂಲಕ ಶೃಂಗೇರಿಗೆ ಹೋಗಿ. ಆ ರಸ್ತೆಯಲ್ಲಿ ತಿರುವೇ ಇಲ್ಲ, ಯಾರಿಗೂ ವಾಂತಿ ಬರುವುದಿಲ್ಲ.

ಘಾಟಿ ಡ್ರೈವರ್

ತಿರುವೇ ಇಲ್ಲ ಅಂದರೆ ನಂಬಲಿಕ್ಕಾಗುವುದಿಲ್ಲ ಸುಧಿ. ಆಗುಂಬೆಯ ಹಾಗೆ ಒಂದರ ಮೇಲೊಂದು ಹೇರ್‌ಪಿನ್ ಇಲ್ಲ, ಅಷ್ಟು ಸರಿ. ಆದರೆ ಸುತ್ತು ಬಳಸು ಬೇಕಾದಷ್ಟು ಉಂಟು, ಮತ್ತೆ ಉದ್ದ ಉಂಟು. ಆಗುಂಬೆಯಲ್ಲಿ ಸೋಮೇಶ್ವರದಿಂದ ಮೇಲೆ ಮುಟ್ಟಿದರೆ ಕಷ್ಟ ಮುಗಿಯಿತು. ಮಾಳದ ಕಡೆ ಕಾಡು, ಹೋಟೆಲಿಲ್ಲ, ಟಾಯ್ಲೆಟ್ ಇಲ್ಲ. ವಯಸ್ಸಾದವರಿಗೆ ತಿರುವಿಗಿಂತ ಅದೇ ದೊಡ್ಡ ತೊಂದರೆ. ಗಂಡಸರಲ್ಲಿ ಪ್ರಾಸ್ಟೇಟ್ ಇರುವವರು ಬಾಯಿ ಬಿಟ್ಟು ಹೇಳುವುದಿಲ್ಲ, ಬೆಳಗ್ಗಿಂದ ನೀರು ಕುಡಿಯದೆ ಕೂರುತ್ತಾರೆ.

ಮಳೆಗಾಲದಲ್ಲಿ ಆಗುಂಬೆ ಬಂದ್ ಆದರೆ ಮಾಳದ ರಸ್ತೆ ಬೇಕಾಗುತ್ತದೆ. ಆದರೆ ನಿಮ್ಮ ಟೂರು ಅಕ್ಟೋಬರಿನಿಂದ ಫೆಬ್ರವರಿ ಒಳಗೆ ಇಟ್ಟುಕೊಂಡರೆ ಆ ರಗಳೆಯೇ ಇಲ್ಲ.

ಬ್ರಹ್ಮಾವರ ಮೇಷ್ಟ್ರು

ಎಪ್ಪತ್ತೆರಡು ವರ್ಷದ ಗಿರಾಕಿಯಾಗಿ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ನಮ್ಮನ್ನು ರೋಗಿಗಳ ಹಾಗೆ ನೋಡುತ್ತಿದ್ದೀರಿ. ಮೆಟ್ಟಿಲು, ಟಾಯ್ಲೆಟ್, ಮೊಣಕಾಲು ಇಷ್ಟನ್ನೇ ಬರೆದರೆ ಅದು ಟೂರ್ ನೋಟೀಸೋ ಆಸ್ಪತ್ರೆ ಚೀಟಿಯೋ? ನಾನು ಹೆಂಡತಿಯ ಜೊತೆ ಹೋಗುವುದು ಖುಷಿಗೆ. ವಿದ್ಯಾಶಂಕರ ದೇವಸ್ಥಾನದ ಕಂಬಗಳನ್ನು ನಿಂತು ನೋಡಬೇಕು. 12 ರಾಶಿಗೆ 12 ಕಂಬ, ಸಿಂಹದ ಬಾಯೊಳಗೆ ಉರುಳುವ ಕಲ್ಲಿನ ಗುಂಡು. ಹಿಂದೆ ಒಂದು ಟೂರಿನಲ್ಲಿ ಹೋಗಿದ್ದಾಗ "ಸರ್ ಬೇಗ, ಬೇಗ" ಅಂತ ಎಬ್ಬಿಸಿಕೊಂಡು ಹೋದರು. ಕಂಬದ ಹತ್ತಿರ ಹೋಗಲಿಕ್ಕೇ ಬಿಡಲಿಲ್ಲ. ಎಷ್ಟು ಹೊತ್ತು ಬಿಡುತ್ತೀರಿ ಅಂತ ಬರೆಯಿರಿ. ನನಗೆ ಅದೇ ಮುಖ್ಯ.

ಕದ್ರಿ ಶಾಂತಕ್ಕ

ಮೇಷ್ಟ್ರೇ, ನೀವು ಈಗ ಬರೆದ ಸಿಂಹದ ಬಾಯಿಯ ಗುಂಡು ನನಗೆ ಬೇಕು. "ಭವ್ಯ ಶಿಲ್ಪಕಲೆ" ಅಂತ ಹತ್ತು ಸಲ ಬರೆದರೂ ಅಷ್ಟು ಬರುವುದಿಲ್ಲ. ಮತ್ತೆ ನೀವು ಹೇಳಿದ್ದು ನಿಜ, ಸೌಕರ್ಯದ ಮಾತನ್ನು ಕನಿಕರದ ದನಿಯಲ್ಲಿ ಬರೆದರೆ ಯಾರಿಗೂ ಹಿಡಿಸುವುದಿಲ್ಲ. "ಹಿರಿಯ ಜೀವಗಳಿಗೆ", "ಇಳಿವಯಸ್ಸಿನಲ್ಲಿ", ಅಂಥದ್ದೆಲ್ಲ ಬೇಡವೇ ಬೇಡ. ಬಸ್ಸಿನ ಟೈಮ್ ಬರೆದ ಹಾಗೆ ಸುಮ್ನೆ ಬರೆಯಬೇಕು. ರೂಮು ಕೆಳಗಿನ ಮಹಡಿ. ಮೆಟ್ಟಿಲು ಇಷ್ಟು. ಮುಗೀತು.

ಈಗ ಟಿಟಿ ತಮ್ಮಾ, ಐದರಲ್ಲಿ ಎರಡನ್ನು ಉಳಿಸಿ. ಶೃಂಗೇರಿ, ಹೊರನಾಡು. ಕಳಸ ಹೊರನಾಡಿನಿಂದ ಎಂಟು ಕಿಲೋಮೀಟರ್, ದಾರಿಯಲ್ಲೇ ಸಿಗುತ್ತದೆ. ಆದರೆ ಕಳಸೇಶ್ವರನಿಗೆ ಮೆಟ್ಟಿಲು ಹತ್ತಬೇಕು. ಹಾಗಾಗಿ ಅದನ್ನು "ಹತ್ತುವವರಿಗೆ" ಅಂತ ಬಿಡಿ, ಬೇಡದವರು ಕೆಳಗೆ ಕಾಫಿ ಕುಡಿಯಲಿ. ಧರ್ಮಸ್ಥಳ ಮತ್ತು ಕುಕ್ಕೆ ಬೇರೆ ಟೂರ್ ಮಾಡಿ.

"ವಿಶೇಷ ದರ್ಶನ" ತೆಗೆಯಿರಿ. ದರ್ಶನ ದೇವಸ್ಥಾನದವರ ಕೈಯಲ್ಲಿ ಉಂಟು, ನಿಮ್ಮ ಕೈಯಲ್ಲಿ ಇಲ್ಲ. ನಿಮ್ಮ ಕೈಯಲ್ಲಿ ಇರುವುದನ್ನು ಮಾತ್ರ ಬರೆಯಿರಿ. ಸಾಲು ಉದ್ದ ಇದ್ದರೆ ಕೂರಲಿಕ್ಕೆ ಮಡಚುವ ಸ್ಟೂಲ್ ಕೊಡುತ್ತೀರಾ? ಅದನ್ನು ಬರೆಯಿರಿ. "ಷರತ್ತು ಅನ್ವಯ" ಕೂಡ ಬೇಡ. 2022ರಲ್ಲಿ ಕೇಂದ್ರದವರು ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿದ್ದಾರೆ. ದೊಡ್ಡದಾಗಿ ಒಂದು ಹೇಳಿ, ಕೆಳಗೆ ಸಣ್ಣ ಅಕ್ಷರದಲ್ಲಿ ಅದಕ್ಕೆ ಉಲ್ಟಾ ಹೇಳುವ ಹಾಗಿಲ್ಲ. ಕಾನೂನು ಬಿಡಿ, ವಯಸ್ಸಾದವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಆಮೇಲೆ ಜಗಳ ನಿಮ್ಮ ಟಿಟಿ ಒಳಗೆ ಆಗುತ್ತದೆ.

ರೇಟು ಹೇಗೆ ಬಂತು ಅಂತ ಹೇಳಿ ಈಗ.

ಟಿಟಿ ಉಡುಪಿ

ಎರಡೇ ಕ್ಷೇತ್ರಕ್ಕೆ ಲೆಕ್ಕ ಹಾಕಿದೆ ಅಕ್ಕ. ಐದು ಜೋಡಿ ಅಂತ ಇಟ್ಟುಕೊಳ್ಳಿ. ಗಾಡಿ, ಡೀಸೆಲ್, ಡ್ರೈವರ್ ಬಾಟಾ, ಪಾರ್ಕಿಂಗ್ ಎಲ್ಲ ಸೇರಿ ಎರಡು ದಿನಕ್ಕೆ 13,500. ಜೊತೆಗೆ ಬರುವ ಹುಡುಗನಿಗೆ 2,500. ಇವೆರಡು ಎಷ್ಟು ಜನ ಬಂದರೂ ಅಷ್ಟೇ, ಒಟ್ಟು 16,000. ಜೋಡಿಗೆ ರೂಮು 2,000, ತಿಂಡಿ ಕಾಫಿ ಮತ್ತೆ ಹೊರಗಿನ ಊಟ 1,200.

ಐದು ಜೋಡಿ ಆದರೆ ಒಂದು ಜೋಡಿಗೆ 6,400 ಅಸಲು. 7,500ಕ್ಕೆ ಕೊಟ್ಟರೆ 1,100 ಉಳಿಯುತ್ತದೆ. ನಾಲ್ಕು ಜೋಡಿ ಆದರೆ ಅಸಲು 7,200, ಉಳಿಯುವುದು 300. ಮೂರೇ ಆದರೆ 8,500 ದಾಟುತ್ತದೆ, ಕೈಯಿಂದ ಹಾಕಬೇಕು. ಜಿಎಸ್‌ಟಿ 5% ಬೇರೆ.

ಕದ್ರಿ ಶಾಂತಕ್ಕ

ನೋಡಿ, ನಾಲ್ಕು ಜೋಡಿಗಿಂತ ಕಮ್ಮಿ ಆದರೆ ಟೂರ್ ಹೊರಡುವುದಿಲ್ಲ ಅನ್ನುವುದು ನಿಮ್ಮ ಲೆಕ್ಕದಲ್ಲೇ ಉಂಟು. ಪೋಸ್ಟರಿನಲ್ಲಿ ಇರಲಿಲ್ಲ. ಹೊರಡುವ ಹಿಂದಿನ ದಿನ "ಜನ ಆಗಲಿಲ್ಲ, ಕ್ಯಾನ್ಸಲ್" ಅಂತ ಫೋನ್ ಮಾಡಿದರೆ ಅವರು ಬ್ಯಾಗ್ ಕಟ್ಟಿ, ಹಾಲು ಪೇಪರ್ ಬೇಡ ಅಂತ ಹೇಳಿ ಕೂತಿರುತ್ತಾರೆ. ಯಾವ ದಿನದ ಒಳಗೆ ಗಟ್ಟಿ ಹೇಳುತ್ತೀರಿ ಅಂತ ಬರೆಯಿರಿ. ಐದು ದಿನ ಮುಂಚೆ ಸಾಕು.

"ಒಬ್ಬರಿಗೆ ₹3,499ರಿಂದ" ಬೇಡ. ಹೋಗುವುದು ಇಬ್ಬರು. ಅವರೇ ಎರಡರಿಂದ ಗುಣಿಸಿ, ಜಿಎಸ್‌ಟಿ ಸೇರಿಸಿ, "ರಿಂದ" ಅಂದರೆ ಎಲ್ಲಿವರೆಗೆ ಅಂತ ಯೋಚನೆ ಮಾಡಬೇಕು. 7,500ಕ್ಕೆ ಜಿಎಸ್‌ಟಿ 375. ದಂಪತಿಗೆ ₹7,875, ಎಲ್ಲ ಸೇರಿ, ಅಂತ ಒಂದೇ ಸಾಲು.

ಸುರತ್ಕಲ್ ಸುಧಿ

3,499 ನೋಡಿದವನಿಗೆ 7,875 ಕಂಡರೆ ಮುಂದೆ ಓದುವುದೇ ಇಲ್ಲ ಅಕ್ಕ. ಎಲ್ಲರೂ ಒಬ್ಬರಿಗೇ ಹಾಕುವುದು.

ಕದ್ರಿ ಶಾಂತಕ್ಕ

ಅದು ಇರಬಹುದು ಸುಧಿ. ಪಕ್ಕದ ಪೋಸ್ಟರ್ ಜೊತೆ ಹೋಲಿಸುವವರು ಕೆಲವರು ಬಿಟ್ಟು ಹೋಗುತ್ತಾರೆ. ಆದರೆ ಇವರಿಗೆ ಬೇಕಾದ್ದು ಐದು ಜೋಡಿ, ಐವತ್ತು ಅಲ್ಲ. ಫೋನ್ ಕಮ್ಮಿ ಬರಲಿ, ಬಂದದ್ದು ಬುಕ್ ಆಗಲಿ.

ದೋಹಾ ಮಗ

ವೀಕೆಂಡ್ ಯಾಕೆ ಅಂತ ನನಗೆ ಗೊತ್ತಾಗುವುದಿಲ್ಲ. ರಿಟೈರ್ ಆದವರಿಗೆ ಶನಿವಾರ ಭಾನುವಾರವೇ ಆಗಬೇಕಾ? ವಾರದ ನಡುವೆ ಹೋದರೆ ದೇವಸ್ಥಾನದಲ್ಲಿ ರಶ್ ಇಲ್ಲ, ರೂಮೂ ಸುಲಭ. "ಮಂಗಳವಾರ ಹೊರಟು ಬುಧವಾರ ವಾಪಸ್ಸು" ಅಂತ ಹಾಕಿದರೆ ಅದೇ ಒಂದು ದೊಡ್ಡ ಆಕರ್ಷಣೆ.

ಟಿಟಿ ಉಡುಪಿ

ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಇಲ್ಲಿ ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ಮೊಮ್ಮಕ್ಕಳನ್ನು ಶಾಲೆಗೆ ಬಿಡುವುದು, ಕರೆದುಕೊಂಡು ಬರುವುದು ಇವರದ್ದೇ ಡ್ಯೂಟಿ. ಶನಿವಾರ ಭಾನುವಾರ ಮಾತ್ರ ರಜೆ ಸಿಗುತ್ತದೆ ಅವರಿಗೆ.

ಬ್ರಹ್ಮಾವರ ಮೇಷ್ಟ್ರು

ನನ್ನ ಮನೆಯ ಕಥೆಯೇ ಅದು. ಆದರೆ ಮಕ್ಕಳು ಊರಲ್ಲಿಲ್ಲದ ಗೆಳೆಯರು ಎಲ್ಲರೂ ವಾರದ ನಡುವೆಯೇ ಬೇಕು ಅನ್ನುತ್ತಾರೆ. ಎರಡೂ ಇಟ್ಟು ನೋಡಿ.

ಕದ್ರಿ ಶಾಂತಕ್ಕ

ಅದು ಪರೀಕ್ಷೆ ಮಾಡಿಯೇ ನೋಡಬೇಕು, ನನಗೂ ಹೇಳಲಿಕ್ಕಾಗುವುದಿಲ್ಲ. ಒಂದೇ ಮ್ಯಾಟರಿನಲ್ಲಿ ಎರಡು ತಾರೀಖು ಹಾಕಿ. ಸರಿ, ನಾನೊಂದು ಕರಡು ಬರೆದಿದ್ದೇನೆ. ಮೆಟ್ಟಿಲಿನ ಜಾಗ ಖಾಲಿ ಬಿಟ್ಟಿದ್ದೇನೆ. ಅದನ್ನು ನೆಟ್ಟಿನಿಂದ ತೆಗೆದು ಹಾಕಬಾರದು. ನೀವೇ ಹೋಗಿ, ಟಿಟಿ ನಿಲ್ಲುವ ಜಾಗದಿಂದ ಬಾಗಿಲವರೆಗೆ ಎಣಿಸಿ. ಹಿಡಿದುಕೊಳ್ಳಲಿಕ್ಕೆ ಕಂಬಿ ಉಂಟಾ ನೋಡಿ.

> *ಶೃಂಗೇರಿ – ಹೊರನಾಡು, ನಿಧಾನವಾಗಿ.*
> *ದಂಪತಿಗೆ ₹7,875, ಜಿಎಸ್‌ಟಿ ಸೇರಿ. ಐದೇ ಜೋಡಿ.*
> ಕೆಳಗಿನ ಮಹಡಿಯ ರೂಮು, ಕುಳಿತುಕೊಳ್ಳುವ ಟಾಯ್ಲೆಟ್.
>
> *ಮೊದಲ ದಿನ.* ಬೆಳಗ್ಗೆ 6.30ಕ್ಕೆ ಉಡುಪಿ. 7.30ಕ್ಕೆ ಹೆಬ್ರಿಯಲ್ಲಿ ತಿಂಡಿ, ಟಾಯ್ಲೆಟ್. ಆಮೇಲೆ ಆಗುಂಬೆ ಘಾಟಿ. ಘಾಟಿಯಲ್ಲಿ ತೊಂದರೆ ಆಗುವವರಿಗೆ ಮುಂದಿನ ಸೀಟು, ಬುಕ್ ಮಾಡುವಾಗಲೇ ಹೇಳಿ. 10 ಗಂಟೆ ಸುಮಾರಿಗೆ ಶೃಂಗೇರಿ. ದರ್ಶನ ಆದ ಮೇಲೆ ವಿದ್ಯಾಶಂಕರ ದೇವಸ್ಥಾನದಲ್ಲಿ ಒಂದು ಗಂಟೆ ನಿಮ್ಮದೇ. 12 ರಾಶಿ ಕಂಬಗಳನ್ನು, ಸಿಂಹದ ಬಾಯೊಳಗಿನ ಕಲ್ಲಿನ ಗುಂಡನ್ನು ನಿಂತು ನೋಡಿ. ಯಾರೂ ಅವಸರ ಮಾಡುವುದಿಲ್ಲ. ಮಧ್ಯಾಹ್ನ ಪ್ರಸಾದದ ಊಟ. 2.30ಕ್ಕೆ ಹೊರಟು ಸಂಜೆ ಹೊರನಾಡು. ರಾತ್ರಿ ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ, ಅಲ್ಲೇ ಹತ್ತಿರ ವಸತಿ (ಲಾಡ್ಜಿನ ಹೆಸರು: ____).
>
> *ಎರಡನೇ ದಿನ.* ಅಲಾರಂ ಇಲ್ಲ. ತಿಂಡಿ ಆದ ಮೇಲೆ ಇನ್ನೊಮ್ಮೆ ದರ್ಶನ ಬೇಕಾದವರಿಗೆ ಹೊತ್ತು ಉಂಟು. 10ಕ್ಕೆ ಕಳಸ. ಕಳಸೇಶ್ವರನಿಗೆ ಮೆಟ್ಟಿಲು ಹತ್ತಬೇಕು, ಬೇಡದವರಿಗೆ ಕೆಳಗೆ ಕಾಫಿ. ಮುಂದೆ ಕುದುರೆಮುಖದ ಕಾಡು. ಇಲ್ಲಿ ಒಂದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಟಾಯ್ಲೆಟ್ ಇಲ್ಲ, ಹಾಗಾಗಿ ಕಳಸದಲ್ಲಿ ನಿಲ್ಲಿಸಿಯೇ ಹೊರಡುತ್ತೇವೆ. ಕಾರ್ಕಳದಲ್ಲಿ ಊಟ. 4 ಗಂಟೆಗೆ ಉಡುಪಿ.
>
> *ಮೆಟ್ಟಿಲು:* ಹೊರನಾಡು ___, ಕಳಸ ___.
> *ಗಂಡಸರು:* ಪಂಚೆ, ಶಲ್ಯ ತನ್ನಿ. ಹೊರನಾಡಿನಲ್ಲಿ ಅಂಗಿ ತೆಗೆಯಬೇಕು, ಬೆಳಗ್ಗೆ ಚಳಿ ಇರುತ್ತದೆ.
> *ಜೊತೆಗೆ ಒಬ್ಬ ಹುಡುಗ ಎರಡೂ ದಿನ ಇರುತ್ತಾನೆ.* ಬ್ಯಾಗ್ ಅವನು ಹೊರುತ್ತಾನೆ. ಸಾಲಿನಲ್ಲಿ ಕೂರಲು ಸ್ಟೂಲ್ ಉಂಟು. ರಾತ್ರಿ ಫೋನ್ ಅವನದ್ದು, ಅವನ ನಂಬರ್ ಮಕ್ಕಳಿಗೂ ಕಳಿಸುತ್ತೇವೆ.
> *ದುಡ್ಡು:* ಮುಂಗಡ ₹2,000. ನಾಲ್ಕು ಜೋಡಿ ಆಗದಿದ್ದರೆ ಐದು ದಿನ ಮುಂಚೆ ಹೇಳಿ ಪೂರ್ತಿ ವಾಪಸ್ಸು. ಪೂಜೆ, ಸೇವೆ, ಕಾಣಿಕೆ ನಿಮ್ಮದು.

ಇದನ್ನು ಪೋಸ್ಟರ್ ಮಾಡಬೇಡಿ, ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡವರಿಗೆ ಟೈಪ್ ಮಾಡಿದ್ದು ದೊಡ್ಡದಾಗಿಯೇ ಕಾಣುತ್ತದೆ. ಪೋಸ್ಟರಿನ ಅಕ್ಷರ ಹಾಗೆ ದೊಡ್ಡದಾಗುವುದಿಲ್ಲ, ಎರಡು ಬೆರಳಲ್ಲಿ ಎಳೆದು ಎಳೆದು ಓದಬೇಕು. ಉದ್ದ ಮೆಸೇಜನ್ನು ವಾಟ್ಸಾಪ್ ನಡುವೆ ಕತ್ತರಿಸಿ ಉಳಿದದ್ದನ್ನು ಒತ್ತಿ ಓದಿ ಅನ್ನುತ್ತದೆ. ಅದಕ್ಕೇ ಊರು, ರೇಟು, ರೂಮು ಮೊದಲ ಮೂರು ಸಾಲಿನಲ್ಲಿ ಇಟ್ಟಿದ್ದೇನೆ. ದಪ್ಪ ಅಕ್ಷರಕ್ಕೆ ಎರಡೂ ಕಡೆ `*` ಹಾಕಿದರೆ ಸಾಕು. ಫೋಟೋ ಬೇಕಿದ್ದರೆ ರೂಮಿನದ್ದು ಒಂದು, ಟಿಟಿಯ ಮೆಟ್ಟಿಲಿನದ್ದು ಒಂದು ಬೇರೆ ಕಳಿಸಿ. ದೇವರ ಫೋಟೋ ಎಲ್ಲರ ಮನೆಯಲ್ಲೂ ಉಂಟು.

ಘಾಟಿ ಡ್ರೈವರ್

ಅಕ್ಕ ಟಿಟಿ ಮೆಟ್ಟಿಲು ಅಂದದ್ದು ಸರಿ. ಟಿಟಿಯ ಮೊದಲ ಮೆಟ್ಟಿಲೇ ಎತ್ತರ. ಸೀರೆ ಉಟ್ಟವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಒಂದು ಗಟ್ಟಿ ಮರದ ಮಣೆ ಗಾಡಿಯಲ್ಲಿ ಇಟ್ಟುಕೊಳ್ಳಿ, ಪ್ಲಾಸ್ಟಿಕ್ ಸ್ಟೂಲ್ ಬೇಡ, ಜಾರುತ್ತದೆ. ಅದನ್ನೂ ಬರೆಯಿರಿ.

ಮತ್ತೆ ಘಾಟಿಗೆ ಮೊದಲು ತಿಂಡಿ ಅಂತ ಹಾಕಿದ್ದೀರಿ. ನಮ್ಮಲ್ಲಿ ಕೆಲವರು ಖಾಲಿ ಹೊಟ್ಟೆಯಲ್ಲಿ ಹತ್ತಿಸುತ್ತಾರೆ, ವಾಂತಿ ಬರಬಾರದು ಅಂತ. ಶುಗರ್ ಮಾತ್ರೆ ತಿಂದವರಿಗೆ ಅದು ಅಪಾಯ. ಇಡ್ಲಿಯ ಹಾಗೆ ಹಗುರ ತಿಂಡಿ ಸಾಕು, ಬನ್ಸ್ ಬೇಡ.

ಬ್ರಹ್ಮಾವರ ಮೇಷ್ಟ್ರು

ಬನ್ಸ್ ಬೇಡ ಅಂದರೆ ನಾನು ಬರುವುದಿಲ್ಲ.

ದೋಹಾ ಮಗ

ಇದನ್ನು ಅಮ್ಮನಿಗೆ ಕಳಿಸಿದರೆ ನಾಳೆಯೇ ಹೊರಡುತ್ತಾರೆ. ಒಂದು ಸಂಶಯ. ಡಾಕ್ಟರ್ ಸರ್ಟಿಫಿಕೇಟ್ ಕೇಳಬೇಕಲ್ವಾ? ಹಾರ್ಟ್ ಆಪರೇಷನ್ ಆದವರು ಸುಮ್ನೆ ಬಂದು ಹತ್ತಿಬಿಟ್ಟರೆ?

ಟಿಟಿ ಉಡುಪಿ

ಸರ್ಟಿಫಿಕೇಟ್ ಅಂದರೆ ಅರ್ಧ ಜನ ಹೆದರುತ್ತಾರೆ. ಬುಕ್ ಮಾಡುವಾಗ ತಿನ್ನುವ ಮಾತ್ರೆಗಳ ಹೆಸರು ಮತ್ತು ಮನೆಯವರ ನಂಬರ್ ತೆಗೆದುಕೊಳ್ಳೋಣ ಅಂತ ಉಂಟು.

ಕದ್ರಿ ಶಾಂತಕ್ಕ

ಅದು ಮ್ಯಾಟರಿನಲ್ಲಿ ಬೇಡ, ಬುಕ್ ಮಾಡಿದವರಿಗೆ ಫೋನಿನಲ್ಲಿ ಕೇಳಿ. ಸಾಕೋ ಇಲ್ಲವೋ ಅನ್ನುವುದನ್ನು ಒಬ್ಬ ಡಾಕ್ಟರ ಹತ್ತಿರವೇ ಕೇಳುವುದು ಒಳ್ಳೆಯದು.

ಸುರತ್ಕಲ್ ಸುಧಿ

ಮೆಟ್ಟಿಲು ಲೆಕ್ಕ ಹಾಕಿದರೆ ಜನ ಹೆದರಿ ಓಡುತ್ತಾರೆ ಅಂತ ನನಗೆ ಈಗಲೂ ಅನಿಸುತ್ತದೆ.

ಕಾರ್ಕಳ ವಿಮಲಾ

ಹೆದರಿ ಓಡುವವರು ಮೆಟ್ಟಿಲ ಬುಡದಲ್ಲಿ ನಿಂತು ಅಳುವುದಕ್ಕಿಂತ ಮನೆಯಲ್ಲೇ ಇರುವುದು ವಾಸಿ ಅಲ್ವಾ?

ನಾನು ಬೇರೆ ವಿಷಯ ಕೇಳಲಿಕ್ಕೆ ಬಂದೆ. ಎಲ್ಲದರಲ್ಲೂ "ದಂಪತಿ", "ಜೋಡಿ". ನನ್ನ ಯಜಮಾನರು ತೀರಿಹೋಗಿದ್ದಾರೆ. ನನ್ನಂಥವರು ಊರಿನಲ್ಲಿ ತುಂಬಾ ಜನ ಇದ್ದಾರೆ. ನಮಗೆ ಹೋಗುವ ಆಸೆ ಇಲ್ವಾ? ಒಬ್ಬಳೇ ಬಂದರೆ ಎಷ್ಟು, ಅದು ಎಲ್ಲೂ ಇಲ್ಲ.

ಟಿಟಿ ಉಡುಪಿ

ಅಕ್ಕ, ಖಂಡಿತ ಬರಬಹುದು. ನಿಮ್ಮ ತಂಗಿ, ಗೆಳತಿ ಯಾರಾದರೂ ಜೊತೆ ಬಂದು ಒಂದೇ ರೂಮು ಹಂಚಿಕೊಂಡರೆ ಇಬ್ಬರಿಗೂ ಸೇರಿ ಅದೇ ರೇಟು. ಒಬ್ಬರೇ ಬಂದರೆ ರೂಮು ಪೂರ್ತಿ ನಿಮ್ಮ ಲೆಕ್ಕಕ್ಕೆ ಬರುತ್ತದೆ. ಗಾಡಿ ಕಡೆಯ ಅರ್ಧ ಪಾಲು 1,600, ರೂಮು 2,000, ಊಟ 600, ಅಸಲೇ 4,200. ಜೋಡಿಯ ಅರ್ಧಕ್ಕೆ ಕೊಡಲಿಕ್ಕೆ ಆಗುವುದಿಲ್ಲ, ಜಿಎಸ್‌ಟಿ ಸೇರಿ 4,900 ಮಾಡಬಹುದು.

ಕದ್ರಿ ಶಾಂತಕ್ಕ

ಹಾಗಾದರೆ ರೇಟಿನ ಸಾಲಿನಲ್ಲಿ "ದಂಪತಿಗೆ" ಬದಲು "ಇಬ್ಬರಿಗೆ ₹7,875, ಒಬ್ಬರೇ ಆದರೆ ₹4,900" ಅಂತ ಹಾಕಿ. ಅಕ್ಕ ತಂಗಿ, ಬೀಗತಿಯರು, ಯಾರು ಬೇಕಾದರೂ ಬರಲಿ.

ಸುರತ್ಕಲ್ ಸುಧಿ

ದಂಪತಿ ಅಂದಾಗ ಒಂದು ಗೌರವ ಉಂಟು. ಆನಿವರ್ಸರಿಗೆ ಮಕ್ಕಳು ಗಿಫ್ಟ್ ಕೊಡುತ್ತಾರೆ. "ಇಬ್ಬರಿಗೆ" ಅಂದರೆ ಬಸ್ ಟಿಕೆಟ್ ಹಾಗೆ ಆಗುತ್ತದೆ.

ಟಿಟಿ ಉಡುಪಿ

ಸುಧಿ ಹೇಳಿದ್ದರಲ್ಲೂ ಸ್ವಲ್ಪ ಸತ್ಯ ಉಂಟು. ಬಂದ ಫೋನುಗಳಲ್ಲಿ ಆನಿವರ್ಸರಿಗೆ ಅಂತ ಕೇಳಿದವರೂ ಇದ್ದರು. ಆದರೂ "ಇಬ್ಬರಿಗೆ" ಅಂತಲೇ ಹಾಕುತ್ತೇನೆ. ನಾಡಿದ್ದು ಖಾಲಿ ಟಿಟಿ ತೆಗೆದುಕೊಂಡು ಹೋಗಿ ಮೆಟ್ಟಿಲು ಎಣಿಸಿ, ಲಾಡ್ಜಿನ ಕೆಳಗಿನ ರೂಮು ನೋಡಿಕೊಂಡು ಬರುತ್ತೇನೆ. ಆಮೇಲೆ ಗ್ರೂಪಿಗೆ ಹಾಕುವುದು.

ಪಣಂಬೂರು ಪ್ರಶಾಂತ

ಕಾಶಿ ಬಿಡಿ, ಇದಕ್ಕೇ ಅಪ್ಪ ಅಮ್ಮನನ್ನು ಕಳಿಸುತ್ತೇನೆ. ಮಂಗಳೂರಿನವರು ಎಲ್ಲಿ ಹತ್ತುವುದು? 6.30ಕ್ಕೆ ಉಡುಪಿಗೆ ಬರಬೇಕಾದರೆ ಅವರು ನಾಲ್ಕು ಗಂಟೆಗೆ ಏಳಬೇಕು.

ಘಾಟಿ ಡ್ರೈವರ್

ಮಂಗಳೂರಿನವರನ್ನು ಇದರಲ್ಲಿ ಸೇರಿಸಬೇಡಿ. ಅವರಿಗೆ ಮೂಡಬಿದಿರೆ, ಕಾರ್ಕಳ, ಮಾಳ ಮೇಲೆ ಹೋಗುವುದೇ ದಾರಿ. ಆಗ ತಿಂಡಿ ಹೆಬ್ರಿಯಲ್ಲಿ ಅಲ್ಲ, ಕಾರ್ಕಳದಲ್ಲಿ. ಕಾಡಿನ ರಸ್ತೆ ಹೋಗುವಾಗಲೂ ಬರುತ್ತದೆ, ಬರುವಾಗಲೂ ಬರುತ್ತದೆ. ಟಾಯ್ಲೆಟ್ ಸಾಲು, ಟೈಮು, ಕಿಲೋಮೀಟರು ಎಲ್ಲ ಬೇರೆ. ಇದೇ ಮೆಸೇಜಿನಲ್ಲಿ ಊರಿನ ಹೆಸರು ಮಾತ್ರ ಬದಲಿಸಿ ಕಳಿಸಿಬಿಡಬೇಡಿ ಮಾರಾಯ್ರೆ.

ಟಿಟಿ ಉಡುಪಿ

ಆಯ್ತು, ಮಂಗಳೂರಿನದ್ದಕ್ಕೆ ಬೇರೆ ಲೆಕ್ಕ ಹಾಕುತ್ತೇನೆ. ಪ್ರಶಾಂತ್, ನಿಮ್ಮ ಅಪ್ಪ ಅಮ್ಮ ಹಿಂದಿನ ದಿನ ಸಂಜೆ ಉಡುಪಿಗೆ ಬಂದು ಕೃಷ್ಣಮಠ ನೋಡಿ ಇಲ್ಲೇ ಉಳಿಯುವುದಾದರೆ ಹೇಳಿ. ಆ ರಾತ್ರಿಯ ರೂಮಿನ ದುಡ್ಡು ಬೇರೆ.